ಮುಸುಕು ಬಿಚ್ಚುವ ಮುನ್ನ

"ಅತ್ತಿಗೆ, ಫೋಟೋ ಕಳಿಸಿದ್ದೀನಿ, ನೋಡಿ ಹೇಳಿ. ಕೀಳಬಹುದಾ?"

ಕಳೆದ ವರ್ಷ ಜುಲೈ 20ರ ಸಂಜೆ ನನ್ನ ನಾದಿನಿ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಅವಳ ಮನೆ ಕೆ.ಆರ್. ಪುರ ದಾಟಿ ಹೊಸಕೋಟೆ ರಸ್ತೆಯ ಕಡೆ. ಪಕ್ಕದ ಖಾಲಿ ಸೈಟಿನಲ್ಲಿ ಮೇ ತಿಂಗಳ ಮಧ್ಯದಲ್ಲಿ ಎರಡು ಸಾಲು ಸಿಹಿ ಮುಸುಕಿನ ಜೋಳ ಹಾಕಿದ್ದಳು. ನಾನಿರುವುದು ಹಲಸೂರಿನಲ್ಲಿ. ಹುಟ್ಟಿದ್ದು ಕೋಲಾರದ ಕಡೆಯ ಹಳ್ಳಿಯಲ್ಲಾದ್ದರಿಂದ ಜೋಳದ ವಿಷಯ ನನಗೆ ಗೊತ್ತಿರುತ್ತದೆ ಅಂತ ಅವಳ ನಂಬಿಕೆ. ಫೋಟೋ ನೋಡಿದೆ. ತೆನೆಯ ತುದಿಯ ಕೂದಲೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. "ಕೂದಲು ಕಂದಾಗಿದೆ, ಕಿತ್ಕೋ" ಅಂದುಬಿಟ್ಟೆ.

ಅರ್ಧ ಗಂಟೆ ಕಳೆದ ಮೇಲೆ ಇನ್ನೊಂದು ಫೋಟೋ ಬಂತು. ಆರು ತೆನೆ ಸುಲಿದು ತಟ್ಟೆಯಲ್ಲಿಟ್ಟಿದ್ದಳು. ಕಾಳುಗಳು ಬಿಳಿಯ ಸಣ್ಣ ನೀರ್ಗುಳ್ಳೆಗಳ ಹಾಗೆ, ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ನಿಂತಿದ್ದವು. ಉಗುರಿನಿಂದ ಒತ್ತಿದರೆ ಬರೀ ನೀರು. ಎರಡು ತಿಂಗಳು ನೀರು ಹೊತ್ತು ಹಾಕಿ ಬೆಳೆಸಿದ ಆರು ತೆನೆ ಎಮ್ಮೆಯ ಪಾಲಾಯಿತು. ಅವಳು ಏನೂ ಅನ್ನಲಿಲ್ಲ, ಆದರೆ ನನಗೆ ರಾತ್ರಿಯೆಲ್ಲ ಚುಚ್ಚುತ್ತಿತ್ತು. ಎಲ್ಲಿ ತಪ್ಪಿದೆ ಅಂತ ಕೂತು ಯೋಚಿಸಿ, ಮಾರುಕಟ್ಟೆಯವರನ್ನೂ ಬೇಸಾಯ ಮಾಡುವ ತಮ್ಮನನ್ನೂ ಕೇಳಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಕೂದಲು ಹೇಳುವ ಮಾತು

ತೆನೆಯ ತುದಿಯಲ್ಲಿ ಇಳಿಬಿಟ್ಟಿರುವ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಗಿಡದ ನೆತ್ತಿಯ ಸೂಲಂಗಿಯಿಂದ ಉದುರುವ ಹುಡಿ ಆ ಎಳೆಯ ಮೇಲೆ ಬಿದ್ದರೆ ಮಾತ್ರ ಆ ಕಾಳು ಕಟ್ಟುತ್ತದೆ. ಹುಡಿ ಬಿದ್ದು ಕೆಲಸ ಮುಗಿದ ಮೇಲೆ ಎಳೆ ಬಾಡುತ್ತದೆ. ಮೊದಲು ತಿಳಿಹಸಿರು ಇಲ್ಲವೇ ನಸುಗೆಂಪು, ಆಮೇಲೆ ತುದಿಯಿಂದ ಕಂದು, ಕೊನೆಗೆ ಬುಡದವರೆಗೂ ಒಣಗಿ ಕಡುಕಂದು.

ನಾನು ಎಡವಿದ್ದು ಇಲ್ಲೇ. ತುದಿ ಕಂದಾಗುವುದು ಕಾಳು ಕಟ್ಟಿದ ಕೆಲವೇ ದಿನಗಳಲ್ಲಿ. ಅದರ ಅರ್ಥ "ಕಾಳು ಕಟ್ಟಲು ಶುರುವಾಗಿದೆ" ಅಂತ ಅಷ್ಟೇ, "ಬಲಿತಿದೆ" ಅಂತಲ್ಲ. ನೋಡಬೇಕಾದ್ದು ಕೂದಲು ಮುಸುಕಿನಿಂದ ಹೊರಬರುವ ಕುತ್ತಿಗೆಯ ಜಾಗವನ್ನು. ಹೊರಗಿನ ಕೂದಲೆಲ್ಲ ಒಣಗಿ ಕಂದಾಗಿದ್ದು, ಕುತ್ತಿಗೆಯ ಹತ್ತಿರ ಇನ್ನೂ ಸ್ವಲ್ಪ ಹಸಿರು, ಸ್ವಲ್ಪ ತೇವ ಉಳಿದಿದ್ದರೆ ಸಿಹಿ ಜೋಳಕ್ಕೆ ಅದೇ ಹದ. ಕುತ್ತಿಗೆಯೂ ಪೂರ್ತಿ ಒಣಗಿ, ಎಳೆದರೆ ಕೂದಲು ಕೈಗೆ ಬರುವಂತಿದ್ದರೆ ಹದ ಮೀರುತ್ತಿದೆ.

ಬಣ್ಣ ಸುಳ್ಳು ಹೇಳುವುದೂ ಉಂಟು. ಆ ವಾರ ಜಡಿಮಳೆ ಹಿಡಿದಿತ್ತು. ನೆಂದ ಕೂದಲು ಅಂಟಿಕೊಂಡು ಬಲಿತದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ನಾದಿನಿ ಫೋಟೋ ತೆಗೆದದ್ದು ಸಂಜೆ, ಹಳದಿ ಬಲ್ಬಿನ ಬೆಳಕಿನಲ್ಲಿ. ಹಳದಿ ಬೆಳಕಿನಲ್ಲಿ ಹಸಿರೂ ಕಂದಿನಂತೆ ಕಾಣುತ್ತದೆ. ಇನ್ನೊಂದು, ಹುಳು. 2018ರಲ್ಲಿ ನಮ್ಮ ಕರ್ನಾಟಕದಲ್ಲೇ ಭಾರತಕ್ಕೆ ಮೊದಲ ಬಾರಿ ಕಾಣಿಸಿಕೊಂಡ ಸೈನಿಕ ಹುಳುವೂ ಸರಿ, ತೆನೆ ಕೊರೆಯುವ ಹಳೆಯ ಕಾಯಿಕೊರಕವೂ ಸರಿ, ಕೂದಲನ್ನು ತಿಂದು ತುದಿಯಿಂದ ಒಳಗೆ ಇಳಿಯುತ್ತವೆ. ಅಂಥ ತೆನೆಯ ಕೂದಲು ಹೊತ್ತಿಗೆ ಮೊದಲೇ ಒಣಗುತ್ತದೆ. ಕೂದಲಿನ ಬುಡದಲ್ಲಿ ಮರದ ಪುಡಿಯಂತೆ ಹಿಕ್ಕೆ ಕಂಡರೆ ಅದು ಹುಳುವಿನ ಕಂದು, ಬಲಿತದ್ದರ ಕಂದಲ್ಲ.

ಮುಸುಕಿನ ಬಿಗಿ

ಮುಸುಕಿನ ಜೋಳ ಅನ್ನುವ ಹೆಸರೇ ಆ ಹಸಿರು ಹೊದಿಕೆಯಿಂದ ಬಂದದ್ದು. ಎಳೆ ತೆನೆಯಲ್ಲಿ ಮುಸುಕು ಹಸಿರಾಗಿ, ಬಿಗಿಯಾಗಿಯೇ ಇರುತ್ತದೆ, ಆದರೆ ಒಳಗೆ ತುಂಬಿರುವುದಿಲ್ಲ. ಹಾಗಾಗಿ ಬಿಗಿ ನೋಡಿದರೆ ಸಾಲದು, ತುದಿಯನ್ನು ಮುಟ್ಟಿ ನೋಡಬೇಕು. ಕೂದಲಿನ ಬುಡದ ಹತ್ತಿರ ಹೆಬ್ಬೆರಳು, ತೋರುಬೆರಳಿನಿಂದ ಮೆಲ್ಲಗೆ ಒತ್ತಿ. ಒಳಗೆ ಪೆನ್ಸಿಲಿನ ಮೊನೆಯಂತೆ ಚೂಪಾಗಿ ತಾಗಿದರೆ ಎಳೆಯದು. ಮೊಂಡಾಗಿ, ಬೆರಳ ತುದಿಯಂತೆ ದುಂಡಗೆ ತಾಗಿದರೆ ಕಾಳು ತುದಿಯವರೆಗೂ ತುಂಬಿದೆ. ಹದ ಮೀರಿದ ತೆನೆಯಲ್ಲಿ ಮುಸುಕಿನ ಅಂಚು ಹಳದಿಯಾಗಿ ಕಾಗದದಂತೆ ಸರಸರ ಎನ್ನುತ್ತದೆ, ತುದಿ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಕಾಳು ತುಂಬಿ ತೂಕ ಬಂದಂತೆ ತೆನೆ ದಂಟಿನಿಂದ ಸ್ವಲ್ಪ ಹೊರಕ್ಕೆ ವಾಲುವುದೂ ಒಂದು ಗುರುತು.

ಬಿಗಿ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ, ಸೋದರಿಯರೇ. ಆ ಕೆಲಸ ಕೈಯದು. ದೂರದಲ್ಲಿರುವವರು ಕೇಳಿದರೆ "ತುದಿ ಚೂಪೋ ಮೊಂಡೋ, ಮುಟ್ಟಿ ಹೇಳು" ಅಂತಲೇ ಕೇಳಬೇಕು.

ಕಾಳಿನ ಕಿಟಕಿ

ಕೊನೆಯ ಪರೀಕ್ಷೆ ಕಾಳಿನದು. ಇದಕ್ಕೆ ತೆನೆ ಕೀಳಬೇಕಾಗಿಲ್ಲ. ಗಿಡದ ಮೇಲೇ ಮುಸುಕನ್ನು ಒಂದು ಪಕ್ಕದಲ್ಲಿ ಎರಡು ಬೆರಳಿನಗಲ ಬಿಡಿಸಿ, ತೆನೆಯ ನಡುವಿನ ಕಾಳು ಕಾಣುವಷ್ಟು ಕಿಟಕಿ ಮಾಡಿ. ತುದಿಯ ಕಾಳನ್ನು ನಂಬಬೇಡಿ. ಬುಡದ ಕಾಳು ಮೊದಲು ಬಲಿಯುತ್ತದೆ, ತುದಿಯದು ಕೊನೆಗೆ. ಕಾಳು ಒಂದಕ್ಕೊಂದು ಒತ್ತಿಕೊಂಡು, ಉಬ್ಬಿ, ಹೊಳೆಯುತ್ತಿರಬೇಕು. ಒಂದು ಕಾಳಿಗೆ ಉಗುರು ಒತ್ತಿ. ನೀರಿನಂತೆ ತಿಳಿಯಾದರೆ ಎಳೆಯದು, ಹಾಲು ಬಂದರೆ ಹದ, ಹಿಟ್ಟಿನ ಮುದ್ದೆಯಂತೆ ಬಂದರೆ ಬಲಿತಿದೆ. ನೋಡಿದ ಮೇಲೆ ಮುಸುಕು ಮುಚ್ಚಿ ದಾರ ಕಟ್ಟಿ. ಇಲ್ಲದಿದ್ದರೆ ಇರುವೆ, ಗಿಳಿ ಕಾಯುತ್ತಿರುತ್ತವೆ. ಕಾಳೂ ಒಣಗುತ್ತದೆ.

ಈ ಹಾಲಿನ ಪರೀಕ್ಷೆಗೂ ಒಂದು ಮಿತಿ ಇದೆ. ನಾಟಿ ಮುಸುಕಿನ ಜೋಳದಲ್ಲಿ ಹಾಲು ಬೆಳ್ಳಗೆ, ಗಟ್ಟಿಯಾಗಿ ಬರುತ್ತದೆ. ಈಗ ಬೀಜದ ಅಂಗಡಿಯಲ್ಲಿ ಸ್ವೀಟ್ ಕಾರ್ನ್ ಅಂತ ಸಿಗುವ ಬಹಳ ಸಿಹಿಯ ತಳಿಗಳಲ್ಲಿ ಪಿಷ್ಟ ಕಡಿಮೆ. ಹದಕ್ಕೆ ಬಂದರೂ ರಸ ನೀರು ಬೆರೆಸಿದ ಹಾಲಿನಂತೆ ತೆಳ್ಳಗೇ ಇರುತ್ತದೆ. ಗಟ್ಟಿ ಹಾಲಿಗೆ ಕಾದು ಕೂತರೆ ಕಾಳಿನ ಸಿಪ್ಪೆ ಬಲಿತು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಇವಕ್ಕೆ ಕಾಳಿನ ಬಣ್ಣ ಮತ್ತು ತುಂಬುವಿಕೆಯೇ ಮುಖ್ಯ.

ನಾದಿನಿಯ ತೆನೆ, ಎರಡನೇ ಸಲ

ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಕ್ಯಾಲೆಂಡರಿನಲ್ಲಿ ನಾದಿನಿ "ಜೋಳಕ್ಕೆ ಕೂದಲು" ಅಂತ ಜುಲೈ 8ಕ್ಕೆ ಗುರುತು ಹಾಕಿದ್ದಳು. ಅದೇ ನಮ್ಮನ್ನು ಉಳಿಸಿತು. ಕೂದಲು ಹೊರಬಂದ ಸುಮಾರು 18ರಿಂದ 24 ದಿನಕ್ಕೆ ಸಿಹಿ ಜೋಳ ಹದಕ್ಕೆ ಬರುತ್ತದೆ. ಬಿಸಿಲು ಹೆಚ್ಚಿದ್ದರೆ ಬೇಗ, ಮೋಡ, ಚಳಿ ಇದ್ದರೆ ತಡ. ನಾನು ಕೀಳಿಸಿದ್ದು 12ನೇ ದಿನ! ನೀರ್ಗುಳ್ಳೆ ಇರದೆ ಇನ್ನೇನಿರುತ್ತದೆ?

ಈ ಸಲ ಫೋಟೋ ಹೀಗೆ ತೆಗಿ ಅಂತ ಹೇಳಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ, ಕೂದಲಿನ ನೀರು ಆರಿದ ಮೇಲೆ. ನೇರ ಬಿಸಿಲು ಬೇಡ, ಫ್ಲಾಶ್ ಬೇಡ; ನೆರಳಿನ ಬೆಳಕು ಸಾಕು. ತೆನೆಯ ಹಿಂದೆ ಒಂದು ಬಿಳಿ ಹಾಳೆ ಹಿಡಿ. ಹಾಳೆ ಫೋಟೋದಲ್ಲಿ ಬೆಳ್ಳಗಿದ್ದರೆ ತೆನೆಯ ಬಣ್ಣವೂ ನಂಬಬಹುದು, ಹಾಳೆಯೇ ಹಳದಿಯಾಗಿದ್ದರೆ ಫೋಟೋ ಇನ್ನೊಮ್ಮೆ ತೆಗಿ. ಮೂರು ಫೋಟೋ ಬೇಕು: ದಂಟಿನ ಸಮೇತ ಇಡೀ ತೆನೆ, ಕೂದಲು ಹೊರಬರುವ ಕುತ್ತಿಗೆಯನ್ನು ಹತ್ತಿರದಿಂದ, ಉಗುರು ಒತ್ತಿದ ನಡುವಿನ ಕಾಳು.

ಜುಲೈ 27ಕ್ಕೆ, ಅಂದರೆ 19ನೇ ದಿನ, ಮೂರೂ ಬಂದವು. ಮೊದಲನೆಯದರಲ್ಲಿ ತೆನೆ ದಂಟಿನಿಂದ ವಾಲಿತ್ತು, ಮುಸುಕು ಹಚ್ಚಹಸಿರು. ಎರಡನೆಯದರಲ್ಲಿ ಕೂದಲು ಕಂದು, ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ಹಸಿರು. ಮೂರನೆಯದರಲ್ಲಿ ಕಾಳು ತಿಳಿಹಳದಿ, ಒತ್ತೊತ್ತಾಗಿ, ರಸ ತೆಳು ಹಾಲು. "ತುದಿ?" ಅಂತ ಕೇಳಿದೆ. "ಮೊಂಡು ಕಣತ್ತಿಗೆ" ಅಂದಳು. ಮಾರನೇ ದಿನ ಬೆಳಗಿನ ತಂಪಿನಲ್ಲಿ ಹತ್ತು ತೆನೆ ಕಿತ್ತು, ಮಧ್ಯಾಹ್ನಕ್ಕೇ ಬೇಯಿಸಿದರು. ನನ್ನ ಪಾಲಿನ ಎರಡು ಬಸ್ಸಿನಲ್ಲಿ ಹಲಸೂರಿಗೆ ಬಂದವು. ತಿಂದು ನೋಡಿದೆ, ಸಿಹಿ ಹಾಗೇ ಇತ್ತು.

ಒಂದು ಫೋಟೋದಲ್ಲಿ ಮಾತ್ರ ತೆನೆ ಹಲ್ಲುದುರಿದ ಬಾಯಿಯಂತೆ ಅಲ್ಲಲ್ಲಿ ಖಾಲಿ. "ಇನ್ನೂ ಬಲಿತಿಲ್ವಾ?" ಅಂತ ಕೇಳಿದಳು. ಅದು ಎಷ್ಟು ದಿನ ಕಾದರೂ ತುಂಬುವುದಿಲ್ಲ. ಆ ಕಾಳಿನ ಎಳೆಗೆ ಹುಡಿ ಬಿದ್ದಿಲ್ಲ, ಅಷ್ಟೇ. ಹುಡಿ ಗಾಳಿಯಲ್ಲಿ ಹಾರಿ ಬರುತ್ತದೆ. ಎರಡೇ ಉದ್ದ ಸಾಲಾದರೆ ಬಹಳಷ್ಟು ಪಕ್ಕಕ್ಕೆ ಹೋಗಿಬಿಡುತ್ತದೆ. ಅಷ್ಟೇ ಗಿಡಗಳನ್ನು ನಾಲ್ಕು ಚಿಕ್ಕ ಸಾಲಾಗಿ ಚೌಕಕ್ಕೆ ಹಾಕಿದರೆ ಕಾಳು ಚೆನ್ನಾಗಿ ಕಟ್ಟುತ್ತದೆ.

ಕೊಳ್ಳುವಾಗ

ಗಿಡ ಇಲ್ಲದವರಿಗೆ ದಿನದ ಲೆಕ್ಕ ಸಿಗದು. ಆಗ ತೆನೆಯ ಬುಡ ನೋಡಿ. ದಂಟಿನಿಂದ ಮುರಿದ ಜಾಗ ತಿಳಿಹಸಿರಾಗಿ ತೇವವಾಗಿದ್ದರೆ ಹೊಸದು, ಕಂದಾಗಿ ಒಣಗಿದ್ದರೆ ಹಳೆಯದು. ಕಿತ್ತ ಗಳಿಗೆಯಿಂದಲೇ ಕಾಳಿನ ಸಕ್ಕರೆ ಕಡಿಮೆಯಾಗುತ್ತ ಹೋಗುತ್ತದೆ, ಬಿಸಿಲಿನಲ್ಲಿಟ್ಟರೆ ಇನ್ನೂ ಬೇಗ. ತಂದ ದಿನ ಬೇಯಿಸಲಾಗದಿದ್ದರೆ ಮುಸುಕು ಸುಲಿಯದೆ ಫ್ರಿಜ್‌ನಲ್ಲಿಡಿ. ಸುಲಿದು ಪ್ಲಾಸ್ಟಿಕ್ ಸುತ್ತಿ ಇಟ್ಟ ತೆನೆಯಲ್ಲಿ ಕಾಳಿನ ನೆತ್ತಿ ಕುಳಿ ಬಿದ್ದಿದ್ದರೆ ನೀರಾರಿದೆ ಅಂತ ತಿಳಿಯಿರಿ.

ಕೆಂಡದಲ್ಲಿ ಸುಟ್ಟು ನಿಂಬೆಹಣ್ಣು, ಉಪ್ಪು, ಖಾರ ಸವರಿ ತಿನ್ನುವುದಕ್ಕೆ ಮಾತ್ರ ನಾಟಿ ಜೋಳ, ಅದೂ ಹಾಲಿಗಿಂತ ಒಂದು ಕೈ ಹೆಚ್ಚು ಬಲಿತದ್ದು ಒಳ್ಳೆಯದು. ಹಲಸೂರು ಮಾರುಕಟ್ಟೆಯ ಹತ್ತಿರ ಸುಡುವ ಅಜ್ಜಿಯನ್ನು ಎಳೆಯದು ಕೊಡಿ ಅಂತ ಕೇಳಿದೆ. "ಎಳೇದು ಕೆಂಡದ ಮೇಲೆ ಸುಕ್ಕಾಗೋಗ್ತದೆ ಕಣಮ್ಮಾ, ಅದು ಬೇಯ್ಸೋಕೆ" ಅಂದರು. ಇಷ್ಟು ವರ್ಷ ಅವರ ಕೈಯಲ್ಲಿ ತಿಂದೂ ನನಗೆ ಹೊಳೆದಿರಲಿಲ್ಲ.

ಹದ ಮೀರಿದ ತೆನೆಗೆ

ನಾದಿನಿ ಊರಿಗೆ ಹೋಗಿ ಮರೆತಿದ್ದ ನಾಲ್ಕು ತೆನೆಗಳನ್ನು ಆಗಸ್ಟ್ 3ಕ್ಕೆ, 26ನೇ ದಿನ, ಕಿತ್ತಳು. ಕೂದಲು ಕುತ್ತಿಗೆಯವರೆಗೂ ಒಣಗಿತ್ತು, ಕಾಳಿನ ಸಿಪ್ಪೆ ಗಟ್ಟಿ, ಸಿಹಿಯೂ ಇಳಿದಿತ್ತು. ಎಸೆಯಬೇಡ, ವಡೆ ಮಾಡು ಅಂದೆ. ಎರಡು ಬಟ್ಟಲು ಕಾಳಿಗೆ ಎರಡು ಗಂಟೆ ನೆನೆಸಿದ ಕಾಲು ಬಟ್ಟಲು ಕಡಲೆಬೇಳೆ, ಮೂರು ಹಸಿಮೆಣಸಿನಕಾಯಿ, ಒಂದು ಚೂರು ಶುಂಠಿ, ಉಪ್ಪು ಸೇರಿಸಿ, ನೀರು ಹಾಕದೆ ತರಿತರಿಯಾಗಿ ರುಬ್ಬಿ. ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಕರಿಬೇವು ಕಲಸಿ, ಎರಡು ಚಮಚ ಅಕ್ಕಿಹಿಟ್ಟು ಹಾಕಿ ತಟ್ಟಿ ಹದವಾದ ಉರಿಯಲ್ಲಿ ಕರಿಯಿರಿ. ಎಳೆಯ ತೆನೆಯಾದರೆ ಈ ಹಿಟ್ಟು ನೀರಾಗಿ ಎಣ್ಣೆ ಕುಡಿಯುತ್ತದೆ. ಬಲಿತದ್ದೇ ಇದಕ್ಕೆ ಸರಿ.

ಈ ವರ್ಷ ನಾದಿನಿ ನಾಲ್ಕು ಸಾಲು ಹಾಕಿದ್ದಾಳೆ. ಕೂದಲು ಬಂದ ದಿನ ಫೋನ್ ಮಾಡಿ, "ಅತ್ತಿಗೆ, ನಿಮ್ಮ ಕ್ಯಾಲೆಂಡರಿನಲ್ಲೂ ಬರೆದುಕೊಳ್ಳಿ" ಅಂದಳು. ಬರೆದುಕೊಂಡಿದ್ದೇನೆ.