ಬೆಣ್ಣೆ ದೋಸೆಯ ಊರು ಯಾವುದೆಂದು ಯಂತ್ರಕ್ಕೆ ಗೊತ್ತಿಲ್ಲ

ಇನ್‌ಸ್ಟಾಗ್ರಾಮಿನ ಹುಡುಕು ಪೆಟ್ಟಿಗೆಯಲ್ಲಿ `davangere benne dosa` ಎಂದು ಬರೆದಾಗ ಬೆಂಗಳೂರಿನ ಹೋಟೆಲುಗಳ ವೀಡಿಯೊಗಳೇ ಮುಂದೆ ಬಂದು ನಿಂತರೆ ದಾವಣಗೆರೆಯವರಿಗೆ ಸಿಟ್ಟು ಬರುವುದು ಸಹಜ. ಆದರೆ ಇದರಲ್ಲಿ ಯಾರ ಪಕ್ಷಪಾತವೂ ಇಲ್ಲ. ಬೆಂಗಳೂರಿನ ಹೋಟೆಲಿನವರು ಬೋರ್ಡಿನ ಮೇಲೂ, ವೀಡಿಯೊದ ಕೆಳಗೂ ‘ದಾವಣಗೆರೆ ಬೆಣ್ಣೆ ದೋಸೆ’ ಎಂದು ಬರೆಯಲೇಬೇಕು, ಅವರು ಮಾರುವುದೇ ಆ ಹೆಸರನ್ನು. ದಾವಣಗೆರೆಯ ಹೋಟೆಲಿನವರಿಗೆ ಅದನ್ನು ಬರೆಯಬೇಕೆಂದು ತೋಚುವುದೇ ಇಲ್ಲ. ಊರೊಳಗೇ ಕೂತು ಊರ ಹೆಸರು ಯಾಕೆ ಹೇಳಬೇಕು? ‘ನಮ್ಮೂರ ರುಚಿ, ಶುಭ ಮುಂಜಾನೆ’ ಎಂದು ಬರೆದು ಒಂದು ಕೆಂಪು ಹೃದಯ ಅಂಟಿಸಿ ಸುಮ್ಮನಾಗುತ್ತಾರೆ. ‘ನಮ್ಮೂರು’ ಎಂದರೆ ಯಾವ ಊರು ಎಂಬುದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಈ ಯಂತ್ರ ಕೆಲಸ ಮಾಡುವ ಬಗೆ ಹಳೆಯದು. ದಪ್ಪ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ, ಇದೂ ಅದೇ. ಪೋಸ್ಟ್ ಹಾಕಿದಾಗ ಕೆಳಗೆ ಬರೆದ ಶೀರ್ಷಿಕೆಯನ್ನು, ಅಂದರೆ ಕ್ಯಾಪ್ಷನ್ನನ್ನು, ಯಂತ್ರ ಪದಪದವಾಗಿ ಒಡೆಯುತ್ತದೆ. ಪ್ರತಿ ಪದದ ಮುಂದೆ ಆ ಪೋಸ್ಟಿನ ಸಂಖ್ಯೆಯನ್ನು ಬರೆದಿಡುತ್ತದೆ. ಯಾರಾದರೂ ಹುಡುಕಿದಾಗ ಕೋಟಿಗಟ್ಟಲೆ ಪೋಸ್ಟುಗಳನ್ನು ತಿರುವಿಹಾಕುವುದಿಲ್ಲ, ಪದಸೂಚಿಯನ್ನಷ್ಟೇ ತೆರೆಯುತ್ತದೆ. ಮೂರು ಪೋಸ್ಟುಗಳನ್ನು ಊಹಿಸಿಕೊಳ್ಳೋಣ:

```
1  Davangere benne dose, now in Rajajinagar
2  ನಮ್ಮೂರ ರುಚಿ, ಶುಭ ಮುಂಜಾನೆ
3  Benne dose, Ram & Co Circle, Davanagere
```

ಇವುಗಳಿಂದ ಆಗುವ ಪದಸೂಚಿಯ ಒಂದು ತುಣುಕು ಹೀಗಿರುತ್ತದೆ:

```
benne       1, 3
dose        1, 3
davangere   1
davanagere  3
```

ಎರಡನೆಯ ಪೋಸ್ಟು ಇಲ್ಲಿ ಎಲ್ಲೂ ಇಲ್ಲ. ಅದರ ಚಿತ್ರದಲ್ಲಿ ಬೆಣ್ಣೆ ಎಷ್ಟೇ ಸುರಿಯುತ್ತಿರಲಿ, ಬರಹದ ಲೆಕ್ಕಕ್ಕೆ ಅದು ಬೆಣ್ಣೆ ದೋಸೆಯೇ ಅಲ್ಲ. ಮೂರನೆಯದಕ್ಕೆ ಆದ ಪೆಟ್ಟು ಇನ್ನೂ ಸೂಕ್ಷ್ಮ. ಒಂದು `a` ಹೆಚ್ಚಾಗಿ ಊರೇ ಬೇರೆಯಾಗಿ ಹೋಗಿದೆ. ಈ ಗೊಂದಲ ಅಂಗಡಿಯವರು ಹುಟ್ಟುಹಾಕಿದ್ದಲ್ಲ: ಜಿಲ್ಲಾಡಳಿತ ತನ್ನ ಜಾಲತಾಣದಲ್ಲಿ `Davanagere` ಎಂದು ಬರೆದರೆ, ಇಲ್ಲಿನ ವಿಶ್ವವಿದ್ಯಾಲಯ ತನ್ನ ಹೆಸರನ್ನು `Davangere University` ಎಂದು ಬರೆದುಕೊಳ್ಳುತ್ತದೆ. `dose` ಮತ್ತು `dosa` ನಡುವೆಯೂ ಇದೇ ತಕರಾರು. ದೊಡ್ಡ ವೇದಿಕೆಗಳು ಕಾಗುಣಿತದ ಸಣ್ಣಪುಟ್ಟ ವ್ಯತ್ಯಾಸಗಳನ್ನು ಸರಿದೂಗಿಸಿಕೊಳ್ಳುತ್ತವೆ, ನಿಜ. ಆದರೆ ಸಾಮಾನ್ಯವಾಗಿ ಅಕ್ಷರಕ್ಕೆ ಅಕ್ಷರ ಹೊಂದುವ ಪೋಸ್ಟು ಮೊದಲು, ಊಹೆಯಿಂದ ಹೊಂದಿಸಿದ್ದು ಆಮೇಲೆ. ಒಂದು ಪೋಸ್ಟಿನಲ್ಲಿ ಒಂದು ಕಾಗುಣಿತ, ಇನ್ನೊಂದರಲ್ಲಿ ಇನ್ನೊಂದು ಬಳಸಿದರೆ ಎರಡೂ ಪಟ್ಟಿಗಳಲ್ಲಿ ಅಂಗಡಿ ದಾಖಲಾಗುತ್ತದೆ. ಒಂದೇ ಸಾಲಿನಲ್ಲಿ ಎರಡನ್ನೂ ತುರುಕಬೇಕಿಲ್ಲ.

ಮೂರನೆಯ ಪೋಸ್ಟಿನವರು ಒಂದು ಜಾಣತನ ಮಾಡಿದ್ದಾರೆ: ರಾಮ್ ಅಂಡ್ ಕೋ ಸರ್ಕಲ್ಲಿನ ಹೆಸರು ಹಾಕಿದ್ದಾರೆ. ಅದು ಯಾಕೆ ಜಾಣತನ ಎನ್ನಲು ಒಂದು ಹಳೆಯ ಲೆಕ್ಕವಿದೆ. 1972ರಲ್ಲಿ ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿಜ್ಞಾನಿ ಒಂದು ಸರಳ ವಿಚಾರವನ್ನು ಲೆಕ್ಕಕ್ಕೆ ಇಳಿಸಿದರು. ಎಲ್ಲರೂ ಬರೆಯುವ ಪದಕ್ಕೆ ಬೆಲೆ ಕಡಿಮೆ, ಕೆಲವರಷ್ಟೇ ಬರೆಯುವ ಪದಕ್ಕೆ ಬೆಲೆ ಹೆಚ್ಚು. ಹುಡುಕುವ ಯಂತ್ರಗಳ ಅಡಿಪಾಯದಲ್ಲಿ ಇಂದಿಗೂ ಈ ಲೆಕ್ಕ ಇದೆ. ದೋಸೆಯ ವಿಷಯದಲ್ಲಿ ‘ದಾವಣಗೆರೆ’ ಎಂಬುದು ಜಾಗವನ್ನು ಸೂಚಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಅದೀಗ ದೋಸೆಯ ಒಂದು ಬಗೆ. ಜಾಗ ಹೇಳಲು ಉಳಿದಿರುವುದು ಪಿ.ಜೆ. ಬಡಾವಣೆ, ವಿದ್ಯಾನಗರ, ಜಯದೇವ ಸರ್ಕಲ್, ಹಳೇ ಪಿ.ಬಿ. ರಸ್ತೆ ಮೊದಲಾದ ಹೆಸರುಗಳು. ರಾಜಾಜಿನಗರದ ಹೋಟೆಲಿನವರು ಊರ ಹೆಸರನ್ನು ಕೊಂಡೊಯ್ಯಬಹುದು, ಜಯದೇವ ಸರ್ಕಲ್ಲನ್ನು ಒಯ್ಯಲಾಗದು.

ಹರಿಹರದ ಕಷ್ಟ ಇನ್ನೊಂದು ತೆರ. ದಾವಣಗೆರೆಗೆ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಈ ಊರು 13ನೇ ಶತಮಾನದ ಹರಿಹರೇಶ್ವರ ದೇವಸ್ಥಾನಕ್ಕೂ, ಕಿರ್ಲೋಸ್ಕರ್ ಲೇತುಗಳಿಗೂ ಹೆಸರಾದದ್ದು. ಆದರೆ `harihar` ಎಂದಷ್ಟೇ ಬರೆದು ಹುಡುಕಿದರೆ ಎದುರಾಗುವುದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಹರಿಹರ ಕೋಟೆ. ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲುಗಳನ್ನು ಕೈಕಾಲು ಊರಿ ಹತ್ತುವ ಚಾರಣಿಗರ ವೀಡಿಯೊಗಳು ಜನಪ್ರಿಯ. ಹರಿಹರದ ಒಬ್ಬ ಹೆಣ್ಣುಮಗಳು ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡುತ್ತಾರೆ ಎಂದುಕೊಳ್ಳಿ. ಅವರ ಪೋಸ್ಟಿನ ಕೆಳಗೆ `#harihar` ಎಂದಷ್ಟೇ ಇದ್ದರೆ ಅವರ ಸ್ಪರ್ಧೆ ಪಕ್ಕದ ಬೀದಿಯ ಕುಚ್ಚಿನವರ ಜೊತೆಗಲ್ಲ, ಒಂದು ಬೆಟ್ಟದ ಜೊತೆಗೆ.

ಇಲ್ಲಿ ವಾಕ್ಯ ಬರೆಯುವುದರ ಪ್ರಯೋಜನ ಕಾಣುತ್ತದೆ. ಈಗಿನ ಹುಡುಕಾಟದಲ್ಲಿ ಪದಸೂಚಿಯ ಜೊತೆಗೆ ಇನ್ನೊಂದು ಪದರವಿದೆ. ಬರಹದ ಅರ್ಥವನ್ನು ಅಂಕಿಗಳ ಸಾಲಾಗಿ ಮಾರ್ಪಡಿಸಿ, ಹುಡುಕಿದ ಮಾತಿಗೆ ಅರ್ಥದಲ್ಲಿ ಹತ್ತಿರವಾದವುಗಳನ್ನು ಅದು ಹೆಕ್ಕುತ್ತದೆ. ಫೇಸ್‌ಬುಕ್ ಹುಡುಕಾಟದಲ್ಲಿ ಇದನ್ನು ಅಳವಡಿಸಿಕೊಂಡ ಬಗೆಯನ್ನು ಅಲ್ಲಿನ ಎಂಜಿನಿಯರುಗಳು 2020ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ್ದಾರೆ. ಈ ಪದರಕ್ಕೆ ಪದದ ಅರ್ಥ ತಿಳಿಯುವುದು ಅಕ್ಕಪಕ್ಕದ ಪದಗಳಿಂದ. `harihar` ಪಕ್ಕದಲ್ಲಿ `fort`, `trek` ಇದ್ದರೆ ಅದು ಬೆಟ್ಟ. ರೇಷ್ಮೆ ಸೀರೆ, ಬ್ಲೌಸು, `Davanagere district` ಇದ್ದರೆ ಅದು ನಮ್ಮ ಹರಿಹರ. ಕನ್ನಡ ಲಿಪಿಯಲ್ಲಿ ‘ಹರಿಹರ’ ಎಂದು ಬರೆದರಂತೂ ಕೋಟೆಯವರ ಕಾಟ ಬಹುಪಾಲು ತಪ್ಪುತ್ತದೆ. ರಗಳೆಯ ಕವಿ ಹರಿಹರನೊಬ್ಬ ಅಡ್ಡ ಬರಬಹುದು, ಬಂದರೆ ಬರಲಿ.

ಹಾಗಿದ್ದರೆ ಒಂದೇ ಪದವನ್ನು ಹತ್ತು ಸಲ ಬರೆದರೆ ಅಂಕ ಹತ್ತು ಪಟ್ಟಾಗುವುದಿಲ್ಲವೇ? 1990ರ ದಶಕದಲ್ಲಿ ಲಂಡನ್ನಿನ ಸ್ಟೀಫನ್ ರಾಬರ್ಟ್‌ಸನ್ ಮತ್ತು ಸಂಗಡಿಗರು ರೂಪಿಸಿದ ಬಿಎಂ25 ಎಂಬ ಸೂತ್ರದಲ್ಲಿ ಇದಕ್ಕೆ ಉತ್ತರವಿದೆ. ಸಾಮಾನ್ಯವಾಗಿ ಇಟ್ಟುಕೊಳ್ಳುವ ಬೆಲೆಗಳನ್ನು ಹಾಕಿ ಲೆಕ್ಕ ಮಾಡಿದರೆ, ‘ಕುಚ್ಚು’ ಒಂದು ಸಲ ಬಂದರೆ 1 ಅಂಕ, ಎರಡು ಸಲ ಬಂದರೆ 1.38, ಹತ್ತು ಸಲ ಬಂದರೆ 1.96. ನೂರು ಸಲ ಬರೆದರೂ 2.2 ದಾಟುವುದಿಲ್ಲ. ಮೇಲಾಗಿ ಬರಹ ಉದ್ದವಾದಷ್ಟೂ ಅದೇ ಸೂತ್ರ ಅಂಕವನ್ನು ಕಡಿತ ಮಾಡುತ್ತದೆ. ಇನ್‌ಸ್ಟಾಗ್ರಾಮ್ ತನ್ನ ಲೆಕ್ಕವನ್ನು ಪೂರ್ತಿ ಬಿಚ್ಚಿಟ್ಟಿಲ್ಲ, ಆದರೆ ಪುನರಾವರ್ತನೆಗೆ ಮಿತಿ ಹಾಕದ ಹುಡುಕು ಯಂತ್ರ ಇಂದು ಬಾಳಲಾರದು. ಎರಡನೆಯ ‘ಕುಚ್ಚು’ವಿನ ಜಾಗದಲ್ಲಿ ‘ಬೇಬಿ ಕುಚ್ಚು’ ಎಂದೋ ‘ಕ್ರೋಶಾ’ ಎಂದೋ ಬರೆದರೆ ಪದಸೂಚಿಯಲ್ಲಿ ಹೊಸದೊಂದು ಸಾಲೇ ಸಿಗುತ್ತದೆ. ಲಾಭ ಅದರಲ್ಲಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೆರಡು ತೊಡಕುಗಳಿವೆ. ನಮ್ಮ ಮಾತಿನಲ್ಲಿ ಪದಗಳು ಅಂಟಿಕೊಳ್ಳುತ್ತವೆ. ‘ಬೆಣ್ಣೆದೋಸೆ’ ಎಂದು ಕೂಡಿಸಿ ಬರೆದರೆ ಅದು ಒಂದೇ ಪದ. ‘ದೋಸೆ’ ಎಂದು ಹುಡುಕಿದವರಿಗೆ ಅದು ಸಿಗದೆ ಹೋಗಬಹುದು, ಏಕೆಂದರೆ ಯಂತ್ರ ಪದದ ತಲೆಯನ್ನು ನೋಡಿ ಹೊಂದಿಸಬಲ್ಲದು, ಬಾಲವನ್ನು ನೋಡಿ ಹೊಂದಿಸುವುದು ಅದಕ್ಕೆ ದುಬಾರಿ ಕೆಲಸ. ಹಾಗಾಗಿ ಬಿಡಿಸಿ ಬರೆಯುವುದು ಒಳ್ಳೆಯದು. ವಿಭಕ್ತಿಯದೂ ಅದೇ ಕಥೆ. ‘ಹರಿಹರದಲ್ಲಿ’, ‘ಹರಿಹರದಿಂದ’ ಎಂದು ಎಷ್ಟು ಸಲ ಬರೆದರೂ ಬರಿಯ ‘ಹರಿಹರ’ ಒಂದು ಕಡೆಯಾದರೂ ನಿಲ್ಲಲಿ. ‘ಊರು ಹರಿಹರ’ ಎಂದರೆ ಮಾತೂ ಸಹಜ, ಪದವೂ ಬಿಡಿ.

ಎರಡನೆಯದು ಡಿಟಿಪಿ ಅಂಗಡಿಯ ತೊಡಕು. ಹಳೆಯ ನುಡಿ ಫಾಂಟಿನಲ್ಲಿ ಕಂಪೋಸ್ ಮಾಡಿದ ಕರಪತ್ರದ ಬರಹವನ್ನು ನಕಲು ಮಾಡಿ ಫೋನಿನಲ್ಲಿ ಅಂಟಿಸಿದರೆ ‘ದಾವಣಗೆರೆ’ ಹೀಗಾಗುತ್ತದೆ: `zÁªÀtUÉgÉ`. ಆ ಫಾಂಟು ಯೂರೋಪಿನ ಅಕ್ಷರಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದಷ್ಟೇ, ಫಾಂಟು ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಇದನ್ನು ಕಂಡು ಬೇಸತ್ತವರು ಕರಪತ್ರದ ಚಿತ್ರವನ್ನೇ ಹಾಕಿ ಶೀರ್ಷಿಕೆಯನ್ನು ಖಾಲಿ ಬಿಡುತ್ತಾರೆ. ಅದು ಮೇಲಿನ ಎರಡನೆಯ ಪೋಸ್ಟಿಗಿಂತಲೂ ಕಡೆ. ಫೋನಿನ ಕನ್ನಡ ಕೀಲಿಮಣೆ ಕೊಡುವುದು ಯೂನಿಕೋಡ್. ಅದರಲ್ಲಿ ಬೆರಳಾಡಿಸಿ ಬರೆದದ್ದು ಮಾತ್ರ ಪದಸೂಚಿಗೆ ಸರಿಯಾಗಿ ಸೇರುತ್ತದೆ.

ಈಗ ಕುಚ್ಚಿನವರ ಪೋಸ್ಟಿಗೆ ಬರೋಣ. ಮೊದಲು ‘ನ್ಯೂ ಕಲೆಕ್ಷನ್, ರೇಟಿಗೆ ಮೆಸೇಜ್ ಮಾಡಿ’ ಎಂದಿತ್ತೆನ್ನಿ. ಅದನ್ನು ಹೀಗೆ ತಿದ್ದಬಹುದು:

```
ಮದುವೆಯ ರೇಷ್ಮೆ ಸೀರೆಗೆ ಮಣಿ ಸೇರಿಸಿ ಹಾಕಿದ ಕ್ರೋಶಾ
ಕುಚ್ಚು. ಸೀರೆ ಕುಚ್ಚು, ಫಾಲ್, ಜಿಗ್‌ಜಾಗ್ ಮಾಡಿಕೊಡುತ್ತೇವೆ.
ಊರು ಹರಿಹರ, ದೇವಸ್ಥಾನ ರಸ್ತೆ.
Saree kuchu and tassel work in Harihar,
Davanagere district.
```

ಗಿರಾಕಿಗೆ ಬೇಕಾದ ಮಾತು ಬಿಟ್ಟು ಬೇರೇನೂ ಇದರಲ್ಲಿಲ್ಲ. ಏನು ಕೆಲಸ, ಯಾವ ಬಟ್ಟೆಗೆ, ಎಲ್ಲಿ ಎಂಬುದಷ್ಟೇ. ಕೊನೆಯ ಇಂಗ್ಲಿಷ್ ಸಾಲು ಕನ್ನಡ ಕೀಲಿಮಣೆ ಇಲ್ಲದೆ ಹುಡುಕುವವರಿಗೆ. ಈ ಪದಗಳನ್ನು ಕಮೆಂಟಿನಲ್ಲಿ ಹಾಕಿದರೆ ಸಾಲದು. ಹುಡುಕಾಟದಲ್ಲಿ ಸಿಗಬೇಕಾದರೆ ಶೀರ್ಷಿಕೆಯಲ್ಲೇ ಬರೆಯಿರಿ ಎಂದು ಇನ್‌ಸ್ಟಾಗ್ರಾಮ್ 2021ರ ಆಗಸ್ಟಿನ ಬರಹವೊಂದರಲ್ಲೇ ಹೇಳಿದೆ. ಖಾತೆಯ ಹೆಸರು, ಪರಿಚಯದ ಸಾಲು, ಪೋಸ್ಟಿಗೆ ಹಚ್ಚುವ ಸ್ಥಳದ ಗುರುತುಗಳನ್ನೂ ತಾನು ನೋಡುವುದಾಗಿ ಅದೇ ಬರಹದಲ್ಲಿದೆ. ಹಳೆಯ ಪೋಸ್ಟುಗಳ ಶೀರ್ಷಿಕೆಯನ್ನೂ ತಿದ್ದಬಹುದು, ಹೊಸದಾಗಿ ಹಾಕಬೇಕಿಲ್ಲ.

ತಿದ್ದಿದ್ದು ಫಲ ಕೊಟ್ಟಿತೇ ಎಂದು ಸ್ವಂತ ಫೋನಿನಲ್ಲಿ ನೋಡಬಾರದು. ಹುಡುಕುವವರು ಹಿಂದೆ ಏನೇನು ನೋಡಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುವುದರಿಂದ ನಿಮ್ಮ ಫೋನು ನಿಮ್ಮ ಅಂಗಡಿಯನ್ನೇ ಮೇಲೆ ತೋರಿಸಿ ಖುಷಿಪಡಿಸುತ್ತದೆ. ಖಾತೆಯನ್ನು ಫಾಲೋ ಮಾಡದ ಯಾರದಾದರೂ ಫೋನು ಇಸಿದುಕೊಂಡು ‘ಸೀರೆ ಕುಚ್ಚು ಹರಿಹರ’ ಎಂದು ಒಮ್ಮೆ, `saree kuchu harihar` ಎಂದು ಒಮ್ಮೆ ಹುಡುಕಿ. ಕನ್ನಡದಲ್ಲಿ ಸಿಕ್ಕು ಇಂಗ್ಲಿಷಿನಲ್ಲಿ ಸಿಗದಿದ್ದರೆ ಮೊದಲು ನೋಡಬೇಕಾದದ್ದು ಕಾಗುಣಿತ. ಜನ `kuchchu` ಎಂದೂ `kucchu` ಎಂದೂ ಬರೆಯುತ್ತಾರೆ, ಮುಂದಿನ ಪೋಸ್ಟುಗಳಲ್ಲಿ ಬದಲಿಸಿ ನೋಡಬಹುದು. ಪದಗಳೆಲ್ಲ ಸರಿಯಿದ್ದೂ ಬಹಳ ಕೆಳಗೆ ಸಿಕ್ಕರೆ ಕೊರತೆ ಶೀರ್ಷಿಕೆಯದ್ದಲ್ಲ. ಎಷ್ಟು ಜನ ನೋಡಿದರು, ಮೆಚ್ಚಿದರು, ಹಂಚಿಕೊಂಡರು ಎಂಬುದೂ ಸ್ಥಾನವನ್ನು ನಿರ್ಧರಿಸುತ್ತದೆ, ಅದನ್ನು ಯಾವ ಪದವೂ ತುಂಬಿಕೊಡುವುದಿಲ್ಲ. ಎರಡರಲ್ಲೂ ಸುಳಿವೇ ಇಲ್ಲದಿದ್ದರೆ ಸೆಟ್ಟಿಂಗ್ಸ್ ತೆರೆದು ಖಾತೆ ಪ್ರೈವೇಟ್ ಆಗಿದೆಯೇ ನೋಡಿ. ಮನೆಯಿಂದಲೇ ಕೆಲಸ ಮಾಡುವ ಹೆಣ್ಣುಮಕ್ಕಳು ಬೇಡದವರ ಕಾಟ ತಪ್ಪಲೆಂದು ಹಾಗೆ ಇಟ್ಟಿರುತ್ತಾರೆ, ಮತ್ತು ಪ್ರೈವೇಟ್ ಖಾತೆಯ ಪೋಸ್ಟು ಹೊರಗಿನವರ ಹುಡುಕಾಟಕ್ಕೆ ಬರುವುದೇ ಇಲ್ಲ. ಅಂಗಡಿಗೊಂದು, ಸ್ವಂತಕ್ಕೊಂದು ಖಾತೆ ಬೇರೆ ಮಾಡಿಕೊಳ್ಳುವುದೇ ಅದಕ್ಕಿರುವ ದಾರಿ.