ದೋಷವು ಇಳಿಯುವ ಇಳಿಜಾರು

ತುಂಬಿದ ಕೆರೆಯ ಕೋಡಿಯ ಮೇಲೆ ಹರಿದುಹೋಗುವ ನೀರಿನ ಪರಿಮಾಣವನ್ನು ಲೆಕ್ಕಹಾಕಬೇಕೆಂದು ಇಟ್ಟುಕೊಳ್ಳೋಣ. ಮೇಲ್ಮೈಯಿಂದ x ಆಳದಲ್ಲಿರುವ ನೀರಿನ ವೇಗವು, ಟಾರಿಸೆಲ್ಲಿಯ ನಿಯಮದಂತೆ, x ನ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆದುದರಿಂದ ಮೇಲಿನಿಂದ ಕೆಳಗಿನವರೆಗೆ √x ಅನ್ನು ಅನುಕಲಿಸಬೇಕು. ಆಳವನ್ನು 1 ಎಂದು ಎಣಿಸಿ ಸ್ಥಿರಾಂಕಗಳನ್ನು ಬದಿಗಿಟ್ಟರೆ ನಿಜವಾದ ಉತ್ತರ 2/3. ಉತ್ತರವು ಮೊದಲೇ ತಿಳಿದಿರುವುದು ನಮಗೆ ಅನುಕೂಲವೇ. ಲೆಕ್ಕದ ವಿಧಾನವನ್ನು ಪರೀಕ್ಷಿಸುವುದಕ್ಕೆ ಇಂತಹ ಪ್ರಶ್ನೆಯೇ ಬೇಕು.

ಆಳವನ್ನು h ಅಗಲದ ಸಮಾನ ಪಟ್ಟಿಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ತ್ರಾಪಿಜ್ಯವೆಂದು ಭಾವಿಸಿ ಕೂಡಿಸುವುದು ನಮಗೆಲ್ಲ ಪರಿಚಿತವಾದ ಕ್ರಮ. ಹೀಗೆ ಬಂದ ಮೊತ್ತಕ್ಕೂ 2/3ಕ್ಕೂ ಇರುವ ಅಂತರವೇ ದೋಷ, E. ಪಟ್ಟಿಗಳು ಸಣ್ಣವಾದಂತೆ ದೋಷವು ಸಾಮಾನ್ಯವಾಗಿ E = C hᵖ ಎಂಬ ರೀತಿಯಲ್ಲಿ ಕುಗ್ಗುತ್ತದೆ. ಇಲ್ಲಿನ p ಗೆ ಅಭಿಸರಣದ ದರ್ಜೆ ಎಂದು ಹೆಸರು. ತ್ರಾಪಿಜ್ಯ ವಿಧಾನಕ್ಕೆ ಅದು 2 ಎಂದು ಪುಸ್ತಕಗಳು ಹೇಳುತ್ತವೆ. ಅಂದರೆ ಪಟ್ಟಿಯ ಅಗಲವನ್ನು ಅರ್ಧಮಾಡಿದರೆ ದೋಷವು ಕಾಲುಭಾಗಕ್ಕೆ ಇಳಿಯಬೇಕು. ಇಳಿಯುತ್ತದೆಯೇ? ನಾವು ಲೆಕ್ಕಮಾಡಿದಾಗ ದೊರೆತ ದೋಷಗಳು ಇವು:

4 ಪಟ್ಟಿಗಳಿಗೆ 0.02338
8 ಪಟ್ಟಿಗಳಿಗೆ 0.00854
16 ಪಟ್ಟಿಗಳಿಗೆ 0.00309
32 ಪಟ್ಟಿಗಳಿಗೆ 0.00111

ದೋಷವು ಪ್ರತಿ ಹೆಜ್ಜೆಯಲ್ಲೂ ಕಡಮೆಯಾಗುತ್ತಿದೆಯೆಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಆದರೆ ಎಷ್ಟು ವೇಗವಾಗಿ ಎಂಬುದೇ ಪ್ರಶ್ನೆ. ಸಮೀಕರಣದ ಎರಡು ಕಡೆಗೂ ಲಾಗರಿತಮ್ ತೆಗೆದುಕೊಂಡರೆ

log E = log C + p log h

ಎಂದಾಗುತ್ತದೆ. ಇದು ಸರಳರೇಖೆಯ ಸಮೀಕರಣ; ಅದರ ಇಳಿಜಾರೇ p. ಅಡ್ಡಕ್ಕೆ log h ಅನ್ನೂ ಉದ್ದಕ್ಕೆ log E ಯನ್ನೂ ಗುರುತಿಸಿ ನಾಲ್ಕು ಚುಕ್ಕೆಗಳನ್ನು ಇಟ್ಟರೆ ಅವು ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ ಬೀಳುತ್ತವೆ. ಮೊದಲನೆಯ ಚುಕ್ಕೆಯಿಂದ ಕೊನೆಯದಕ್ಕೆ log E ಯು 1.324ರಷ್ಟು ಇಳಿದಿದೆ, h ಎಂಟನೆಯ ಒಂದು ಭಾಗವಾದುದರಿಂದ log h ಇಳಿದಿರುವುದು 0.903. ಭಾಗಿಸಿದರೆ ಇಳಿಜಾರು 1.47. ಇದು 2 ಅಲ್ಲ!

ಒಂದೊಂದು ಹೆಜ್ಜೆಯನ್ನೂ ಬೇರೆಬೇರೆಯಾಗಿ ನೋಡುವುದು ಇನ್ನೂ ಉತ್ತಮ. ಆಗ ಇಳಿಜಾರುಗಳು ಅನುಕ್ರಮವಾಗಿ 1.45, 1.47, 1.48. ಇವು ಏರುತ್ತಿರುವುದು ನಿಜ. ಆದರೆ 2ರ ಕಡೆಗಲ್ಲ, ಒಂದೂವರೆಯ ಕಡೆಗೆ. ಪಟ್ಟಿಗಳು ದಪ್ಪವಾಗಿರುವಾಗ ಇತರ ಸಣ್ಣ ಪದಗಳು ಮುಖ್ಯ ಪದದೊಡನೆ ಬೆರೆತು ಇಳಿಜಾರನ್ನು ಕೊಂಚ ತಿರುಚುತ್ತವೆ. ಆದುದರಿಂದಲೇ ಎರಡು ಜಾಲಗಳಿಂದ ಮಾತ್ರ ದರ್ಜೆಯನ್ನು ಸಾರುವುದು ನಮಗೆ ಒಪ್ಪಿಗೆಯಿಲ್ಲ.

ಈ ಕೊರತೆ ಎಲ್ಲಿಂದ ಬಂತು? ನೀರಿನ ಮೇಲ್ಮೈಗೆ ತಾಗಿರುವ ಮೊದಲನೆಯ ಪಟ್ಟಿಯನ್ನು ನೋಡೋಣ. √x ನ ವಕ್ರರೇಖೆ ಅಲ್ಲಿ ನೆಟ್ಟಗೆ ಮೇಲಕ್ಕೆ ಏಳುತ್ತದೆ. ಅದರ ಓರೆಗೆ ಮಿತಿಯೇ ಇಲ್ಲ. ಆ ಪಟ್ಟಿಯ ನಿಜವಾದ ಕ್ಷೇತ್ರಫಲ h^1.5ರ ಮೂರನೆಯ ಎರಡು ಭಾಗ. ತ್ರಾಪಿಜ್ಯವು ಕೊಡುವುದು ಅರ್ಧಭಾಗ ಮಾತ್ರ. ಉಳಿದ ಆರನೆಯ ಒಂದು ಭಾಗವೇ ನಷ್ಟ. ಒಂದೂವರೆಯೆಂಬ ಘಾತ ಇಲ್ಲಿಯೇ ಹುಟ್ಟಿತು. 32 ಪಟ್ಟಿಗಳ ಲೆಕ್ಕದಲ್ಲಿ ಒಟ್ಟು ದೋಷದ ಐದನೆಯ ನಾಲ್ಕು ಪಾಲಿಗಿಂತ ಹೆಚ್ಚು ಈ ಒಂದೇ ಪಟ್ಟಿಯದು. ಪುಸ್ತಕದ 2 ಎಂಬ ದರ್ಜೆಯು ವಕ್ರರೇಖೆಯು ಎಲ್ಲೆಡೆಯೂ ನಯವಾಗಿರುವುದಾದರೆ ಎಂಬ ಷರತ್ತಿನ ಮೇಲೆ ನಿಂತಿದೆ. ಷರತ್ತು ಮುರಿದ ಸ್ಥಳವನ್ನು ಇಳಿಜಾರು ನಮಗೆ ತಿಳಿಸಿಕೊಟ್ಟಿತು.

ಕಾರಣ ತಿಳಿದ ಮೇಲೆ ಪರಿಹಾರ ಸುಲಭ. x = t² ಎಂದು ಬದಲಾಯಿಸಿದರೆ ನಾವು ಅನುಕಲಿಸಬೇಕಾದುದು 2t² ಆಗುತ್ತದೆ; ನೆಟ್ಟಗೆ ಏಳುವ ಜಾಗವೇ ಮಾಯವಾಗುತ್ತದೆ. ಈಗ 4 ಪಟ್ಟಿಗಳ ದೋಷ 0.02083, 8ಕ್ಕೆ 0.00521, 32ಕ್ಕೆ 0.00033. ಇಳಿಜಾರು ಸರಿಯಾಗಿ 2. ನಾಲ್ಕೇ ಪಟ್ಟಿಗಳಿದ್ದಾಗ ಎರಡು ವಿಧಾನಗಳಿಗೂ ಹೆಚ್ಚಿನ ಭೇದವಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಒಂದೇ ಜಾಲದ ದೋಷವನ್ನು ನೋಡಿದವನಿಗೆ ಇದು ಗೊತ್ತಾಗುವಂತೆಯೇ ಇರಲಿಲ್ಲ.

ಹಾಗಾದರೆ ಪಟ್ಟಿಗಳನ್ನು ಎಷ್ಟಾದರೂ ಸಣ್ಣದು ಮಾಡಬಹುದೇ? ಇಲ್ಲ. 1024 ಪಟ್ಟಿಗಳಲ್ಲಿ ಎರಡನೆಯ ವಿಧಾನದ ದೋಷ ಸುಮಾರು 0.0000003. ಉತ್ತರವನ್ನು ಆರು ದಶಾಂಶ ಸ್ಥಾನಗಳಿಗೆ ಬರೆಯುವವನ ಲೆಕ್ಕದಲ್ಲಿ ಅದು ಅಂಕಿಗಳನ್ನು ಮೊಟಕುಗೊಳಿಸಿದ ದೋಷದೊಳಗೆ ಮುಳುಗಿಹೋಗುತ್ತದೆ. ಆಗ ಗೆರೆಯ ತುದಿ ಇಳಿಯುವುದನ್ನು ಬಿಟ್ಟು ಅತ್ತಿತ್ತ ಓಲಾಡತೊಡಗುತ್ತದೆ. ಆ ಭಾಗದ ಚುಕ್ಕೆಗಳನ್ನು ಇಳಿಜಾರಿಗೆ ಸೇರಿಸಬಾರದು.

ನಿಜವಾದ ಉತ್ತರವೇ ತಿಳಿಯದಿದ್ದರೆ, ಒಂದಕ್ಕಿಂತ ಒಂದು ಇಮ್ಮಡಿಯಾಗಿರುವ ಮೂರು ಜಾಲಗಳ ಉತ್ತರಗಳು ಸಾಕು. ನಮ್ಮ ಮೊದಲನೆಯ ವಿಧಾನದಲ್ಲಿ 4, 8, 16 ಪಟ್ಟಿಗಳಿಗೆ 0.64328, 0.65813, 0.66358 ಬಂದಿದ್ದವು. ಅಕ್ಕಪಕ್ಕದವುಗಳ ಅಂತರ 0.01485 ಮತ್ತು 0.00545. ಇವುಗಳ ಅನುಪಾತದ ಲಾಗರಿತಮನ್ನು 2ರ ಲಾಗರಿತಮಿನಿಂದ ಭಾಗಿಸಿದರೆ ಸುಮಾರು 1.45 ದೊರೆಯುತ್ತದೆ. 2/3ರ ನೆರವಿಲ್ಲದೆಯೇ ಗುಟ್ಟು ಹೊರಬಿತ್ತು.

ಇಷ್ಟಾದರೂ ಕೋಡಿಯ ನೀರು ಈ ಲೆಕ್ಕದಂತೆ ಹರಿಯುವುದಿಲ್ಲ. ಅಂಚು ಹರಿತವಾಗಿದ್ದರೆ ಧಾರೆ ಸಂಕುಚಿತವಾಗುವುದರಿಂದ ನಿಜವಾದ ಹರಿವು ಲೆಕ್ಕದ ಸುಮಾರು 0.6 ಪಾಲಷ್ಟೇ ಇರುತ್ತದೆ. ಈ ಕೊರತೆ ಇರುವುದು ನಾವು ಆರಿಸಿಕೊಂಡ ಸಮೀಕರಣದಲ್ಲಿ, ಪಟ್ಟಿಗಳಲ್ಲಲ್ಲ. h ಅನ್ನು ಎಷ್ಟು ಕಿರಿದುಮಾಡಿದರೂ ಅದು ಕದಲುವುದಿಲ್ಲ, ಇಳಿಜಾರಿನಲ್ಲಿ ಅದರ ಸುಳಿವೂ ಕಾಣುವುದಿಲ್ಲ.