ಬರೆದಾದ ಮೇಲೆ ಹಾಕುವ ನಕ್ಷೆ

ಮೊನ್ನೆ ಶನಿವಾರ ಫ್ರೀಮಾಂಟಿನ ನಮ್ಮನೆ ಊಟದ ಮೇಜಿನ ಮೇಲೆ ಮಗಳ ಪ್ರಬಂಧ ಬಿದ್ದಿತ್ತು. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬಗ್ಗೆ. ಕೆಳಗೆ ಟೀಚರ್ ಬರೆದದ್ದು ಇಷ್ಟೇ: ದಾರಿ ತಪ್ಪಿದೆ, ಸೋಮವಾರ ತಿದ್ದಿ ಕೊಡು.

"ಎಲ್ಲಿ ತಪ್ಪಿದೆ ಅಂತ ಹೇಳ್ಬೇಕಲ್ವಾ ಅಪ್ಪಾ?" ಅಂತ ಮುಖ ಊದಿಸಿಕೊಂಡು ಕೂತಿದ್ದಳು.

ನನಗೂ ಓದಿದಾಗ ತಿಳಿಯಲಿಲ್ಲ. ವಾಕ್ಯಗಳೆಲ್ಲ ಚೆನ್ನಾಗೇ ಇದ್ದವು. ಸರಿ, ರಿವರ್ಸ್ ಔಟ್‌ಲೈನ್ ಮಾಡೋಣ ಅಂದೆ. ಅಂದರೆ ಬರೆದು ಮುಗಿದ ಪ್ರಬಂಧದಿಂದ ಅದರ ಅಸ್ಥಿಪಂಜರ ಹೊರತೆಗೆಯುವುದು. ಪ್ರತಿ ಪ್ಯಾರಾಕ್ಕೆ ಒಂದೇ ಸಾಲು. ಏನು ಹೇಳಬೇಕು ಅಂದುಕೊಂಡಿದ್ದೆವೋ ಅದಲ್ಲ, ಕಾಗದದ ಮೇಲೆ ಏನಿದೆಯೋ ಅದು. ಎಡವುವುದು ಇಲ್ಲೇ, ಯಾಕಂದ್ರೆ ಬರೆದವರಿಗೆ ಮನಸ್ಸಲ್ಲಿದ್ದದ್ದೂ ಕಾಗದದಲ್ಲೇ ಕಾಣುತ್ತೆ!

ಅವಳು ಬರೆದ ಸಾಲುಗಳು:

1. ಭೂಕಂಪಕ್ಕಿಂತ ಬೆಂಕಿ ಹೆಚ್ಚು ಊರನ್ನು ನಾಶ ಮಾಡಿತು, ಕಾರಣ ನೀರಿರಲಿಲ್ಲ.
2. 1849ರಲ್ಲಿ ಚಿನ್ನಕ್ಕಾಗಿ ಜನ ಬಂದರು, ಮರದ ಮನೆಗಳ ಊರು ಬೆಳೆಯಿತು.
3. ಬೆಂಕಿ ಮೂರು ದಿನ ಉರಿಯಿತು.
4. ನೆಲದಡಿಯ ನೀರಿನ ಪೈಪುಗಳು ಒಡೆದಿದ್ದವು. 1989ರ ಭೂಕಂಪದಲ್ಲೂ ಮರೀನಾ ಬಡಾವಣೆಯಲ್ಲಿ ಒಡೆದವು, ಆಗ ಫೀನಿಕ್ಸ್ ಎಂಬ ಅಗ್ನಿಶಾಮಕ ದೋಣಿ ಕೊಲ್ಲಿಯ ನೀರು ಪಂಪ್ ಮಾಡಿತು.
5. 1906ರಲ್ಲಿ ಬೆಂಕಿ ತಡೆಯಲು ಡೈನಮೈಟ್ ಇಟ್ಟು ಕಟ್ಟಡ ಉರುಳಿಸಿದರು, ಕೆಲವೆಡೆ ಅದರಿಂದಲೇ ಹೊಸ ಬೆಂಕಿ ಹತ್ತಿತು.
6. ಪ್ರತಿ ಮನೆಯಲ್ಲೂ ಎಮರ್ಜೆನ್ಸಿ ಕಿಟ್ ಇರಬೇಕು.

ಈಗ ಪ್ರಬಂಧ ಮುಚ್ಚಿಟ್ಟು ಈ ಆರು ಸಾಲು ಮಾತ್ರ ಓದು ಅಂದೆ. ಸಾಲು ಸಾಲಿನ ಮಧ್ಯೆ "ಆದ್ದರಿಂದ", "ಆದರೆ", "ಯಾಕೆಂದರೆ" ಇವುಗಳಲ್ಲಿ ಒಂದು ಕೂರಬೇಕು. ಬರೀ "ಆಮೇಲೆ ಇನ್ನೊಂದು ವಿಷಯ" ಅಂತಷ್ಟೇ ಹೇಳಲಾದರೆ ಅಲ್ಲಿ ಬಿರುಕಿದೆ ಅಂತ ಅನುಮಾನಿಸಬೇಕು.

1ರಿಂದ 2ಕ್ಕೆ ಹೋಗುವಾಗಲೇ ಸಿಕ್ಕಿಬಿದ್ದಳು. ಚಿನ್ನದ ಕಥೆಯಲ್ಲಿ ಬೇಕಾದದ್ದು ಮರದ ಮನೆಗಳು ಮಾತ್ರ, ಅದು 3ಕ್ಕೆ ಸೇರಿತು. 4ನೆಯದು ಒಂದು ಸಾಲಿಗೆ ಬಗ್ಗಲೇ ಇಲ್ಲ, ಅಂದರೆ ಅದು ಎರಡು ಪ್ಯಾರಾ. 5 ಮತ್ತೆ 1906ಕ್ಕೆ ಜಿಗಿಯುವುದೂ ಅದಕ್ಕೇ. ಇನ್ನು 6? ಮೊದಲ ಪ್ಯಾರಾ ನೀರಿನ ಮಾತು ಕೊಟ್ಟು, ಕೊನೆಯದು ಕಿಟ್ ಕೈಗಿಟ್ಟಿದೆ.

"ಹಾಗಾದ್ರೆ ಕೊನೆ ಇಲ್ಲೇ ಇದೆ!" ಅಂತ ಫೀನಿಕ್ಸ್ ದೋಣಿಯ ಮೇಲೆ ಬೆರಳಿಟ್ಟಳು. ಹೌದಲ್ಲ! ಪೈಪು ಒಡೆದರೂ ನೀರು ಬರಲು ಇನ್ನೊಂದು ದಾರಿ ಬೇಕು, ಇದೇ ಅವಳ ವಾದದ ತುದಿ. ಅದು ನಾಲ್ಕನೆಯ ಪ್ಯಾರಾದ ಹೊಟ್ಟೆಯಲ್ಲಿ ಅಡಗಿತ್ತು. ಹೊಸ ಕ್ರಮ: 1, 3, 4ರ ಮೊದಲರ್ಧ, 5, ಕೊನೆಗೆ 4ರ ಉಳಿದರ್ಧ. ಕಿಟ್ ಹೋಯಿತು.

ಅಂದಹಾಗೆ, ಇಸವಿ ತಪ್ಪಾಗಿದ್ದರೆ, ವಾಕ್ಯ ಕುಂಟುತ್ತಿದ್ದರೆ ಈ ಉಪಾಯ ಹಿಡಿಯೋದಿಲ್ಲ. ಸುತ್ತಾಡೋದೇ ಸೊಗಸಾದ ಲಲಿತ ಪ್ರಬಂಧಕ್ಕೂ ಇದು ಒಗ್ಗದು. ವಾದ ಮಾಡುವ ಬರಹಕ್ಕೆ ಮಾತ್ರ.

ಭಾನುವಾರ ರಾತ್ರಿ ಹೊಸ ಪ್ರತಿ ಪ್ರಿಂಟ್ ಆಯ್ತು. ಒಂದು ಪುಟ ಕಡಿಮೆ.